ನಡೆದು ಹೋಗುವವರಿಗೆ ಯಾವ ಸ್ಕ್ರೀನ್‌ಶಾಟ್ ಒಳ್ಳೆಯದು?

ಮೊಬೈಲಿನ ನಕ್ಷೆಯಲ್ಲಿ ದಾರಿ ಹುಡುಕಿ, ಪರದೆಯ ಚಿತ್ರ ತೆಗೆದು, ವಾಟ್ಸ್ಆ್ಯಪ್‌ನಲ್ಲಿ ಕಳಿಸಿಬಿಡುವುದು ಈಗ ಮನೆಮನೆಯ ರೂಢಿ. ಮದುವೆಗೆ ಬರುವ ನೆಂಟರಿಗೆ, ಪರೀಕ್ಷಾ ಕೇಂದ್ರ ಹುಡುಕುವ ಮಕ್ಕಳಿಗೆ, ಫೋನಿನಲ್ಲಿ ಡೇಟಾ ಇಟ್ಟುಕೊಳ್ಳದ ಹಿರಿಯರಿಗೆ ಇದರಿಂದ ಅನುಕೂಲವಿದೆ. ಆದರೆ ಒಂದೇ ಜಾಗದಿಂದ ಒಂದೇ ಜಾಗಕ್ಕೆ ಗೂಗಲ್ ಮ್ಯಾಪ್ಸ್, ಆ್ಯಪಲ್ ಮ್ಯಾಪ್ಸ್, ಮ್ಯಾಪಲ್ಸ್, ಆರ್ಗ್ಯಾನಿಕ್ ಮ್ಯಾಪ್ಸ್, ಓಸ್‌ಮ್ಯಾಂಡ್‌ಗಳಲ್ಲಿ ಹುಡುಕಿ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ಅವು ಒಂದರಂತೆ ಇನ್ನೊಂದು ಇರುವುದಿಲ್ಲ. ಒಂದರಲ್ಲಿ ಅಂಗಡಿಗಳ ಹೆಸರು ತುಂಬಿರುತ್ತವೆ, ಇನ್ನೊಂದರಲ್ಲಿ ಓಣಿಗಳು ಎದ್ದು ಕಾಣುತ್ತವೆ, ಮತ್ತೊಂದರಲ್ಲಿ ಗೆರೆಯ ಮೇಲೆಯೇ ಬಾಣಗಳಿರುತ್ತವೆ. ಇವುಗಳಲ್ಲಿ ಯಾವುದನ್ನು ಕಳಿಸಬೇಕು ಎಂಬುದು ಚಿತ್ರದ ಅಂದದಿಂದ ತೀರ್ಮಾನವಾಗುವ ಮಾತಲ್ಲ. ನಡೆಯುವವರು ತಿರುಗಬೇಕಾದ ಜಾಗದಲ್ಲಿ ನಿಂತಾಗ ಆ ಚಿತ್ರ ಏನು ಹೇಳುತ್ತದೆ ಎಂಬುದನ್ನು ನೋಡಿ ತೀರ್ಮಾನಿಸಬೇಕು.

ಚಾಲೂ ಇರುವ ನಕ್ಷೆಗೂ ಅದರ ಸ್ಕ್ರೀನ್‌ಶಾಟಿಗೂ ಬಹಳ ಅಂತರವಿದೆ. ಚಾಲೂ ನಕ್ಷೆಯಲ್ಲಿ ನಾವಿರುವ ಜಾಗವನ್ನು ನೀಲಿ ಚುಕ್ಕಿ ತೋರಿಸುತ್ತದೆ, ದಾರಿ ತಪ್ಪಿದರೆ ಹೊಸ ಗೆರೆ ಮೂಡುತ್ತದೆ, ಬೆರಳಿನಿಂದ ಹಿಗ್ಗಿಸಿದರೆ ಓಣಿಯ ಹೆಸರು ಕಾಣಿಸಿಕೊಳ್ಳುತ್ತದೆ. ಸ್ಕ್ರೀನ್‌ಶಾಟಿನಲ್ಲಿ ಇದಾವುದೂ ಇಲ್ಲ. ಅದನ್ನು ಹಿಗ್ಗಿಸಿದರೆ ಅಕ್ಷರ ದೊಡ್ಡದಾದೀತು, ಹೊಸ ಹೆಸರು ಬರುವುದಿಲ್ಲ. ಬೇಕಾದ ವಿವರವೆಲ್ಲ ಚಿತ್ರ ತೆಗೆದ ಗಳಿಗೆಯಲ್ಲೇ ಅದರೊಳಗೆ ಇರಬೇಕು.

ಚಿತ್ರಗಳು ಬೇರೆಬೇರೆಯಾಗುವುದು ಏಕೆ

ಮೊದಲ ಕಾರಣ ಮಾಹಿತಿಯ ಮೂಲ. ಗೂಗಲ್, ಮ್ಯಾಪಲ್ಸ್ ನಡೆಸುವ ಮ್ಯಾಪ್‌ಮೈಇಂಡಿಯಾ ಕಂಪನಿಗಳು ತಮ್ಮ ತಮ್ಮ ದತ್ತಾಂಶದ ಮೇಲೆ ನಕ್ಷೆ ಕಟ್ಟುತ್ತವೆ. ಆರ್ಗ್ಯಾನಿಕ್ ಮ್ಯಾಪ್ಸ್ ಮತ್ತು ಓಸ್‌ಮ್ಯಾಂಡ್ 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯನ್ನು ಆಧರಿಸಿವೆ. ಅದನ್ನು ತುಂಬುವವರಲ್ಲಿ ಬಹುಪಾಲು ಸ್ವಯಂಸೇವಕರು. ಕಾಲುದಾರಿ, ಮೆಟ್ಟಿಲು, ಉದ್ಯಾನದ ಒಳಹಾದಿಗಳನ್ನು ಗುರುತಿಸಲು ಅದರಲ್ಲಿ ಪ್ರತ್ಯೇಕ ವರ್ಗಗಳೇ ಇವೆ. ಯಾರಾದರೂ ಆಸಕ್ತರು ಒಂದು ಬಡಾವಣೆಯನ್ನು ಸುತ್ತಿ ತುಂಬಿದ್ದರೆ ಅಲ್ಲಿನ ಸಂದುಗೊಂದು ಕೂಡ ನಕ್ಷೆಗೆ ಬಂದಿರುತ್ತದೆ. ಯಾರೂ ತುಂಬದ ಕಡೆ ದೊಡ್ಡ ರಸ್ತೆಗಳಷ್ಟೇ ಕಾಣುತ್ತವೆ. ಅಂಗಡಿ, ಹೋಟೆಲು, ಕ್ಲಿನಿಕ್‌ಗಳ ಹೆಸರಿನಲ್ಲಿ ಸಾಮಾನ್ಯವಾಗಿ ಗೂಗಲ್‌ನದೇ ಮೇಲುಗೈ.

ಎರಡನೆಯದು ಚಿತ್ರಿಸುವ ರೀತಿ. ಗೂಗಲ್ ಮ್ಯಾಪ್ಸ್ ನಡಿಗೆಯ ದಾರಿಯನ್ನು ನೀಲಿ ಚುಕ್ಕಿಗಳ ಸಾಲಾಗಿ ಬಿಡಿಸುತ್ತದೆ. ಓಸ್‌ಮ್ಯಾಂಡ್ ಗೆರೆಯ ಮೇಲೆ ತಿರುವಿನ ಬಾಣ ಹಾಕುತ್ತದೆ. ನಿಂತ ಚಿತ್ರದಲ್ಲಿ ಬಾಣಕ್ಕೆ ಬೆಲೆ ಹೆಚ್ಚು. ಚುಕ್ಕಿಸಾಲಿನಲ್ಲಿ ಹೊರಡುವ ತುದಿ ಯಾವುದು, ಸೇರುವ ತುದಿ ಯಾವುದು ಎಂಬುದನ್ನು ಎರಡೂ ಕೊನೆಯ ಗುರುತುಗಳನ್ನು ಹುಡುಕಿಯೇ ತಿಳಿಯಬೇಕು.

ಮೂರನೆಯದು ಹೆಸರುಗಳ ಆಯ್ಕೆ. ಸಣ್ಣ ಪರದೆಯಲ್ಲಿ ಎಲ್ಲ ಹೆಸರಿಗೂ ಜಾಗವಿಲ್ಲ. ಆದ್ದರಿಂದ ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಆ್ಯಪ್ ತಾನೇ ನಿರ್ಧರಿಸುತ್ತದೆ. ಜನ ಹೆಚ್ಚಾಗಿ ಹುಡುಕುವ ಜಾಗಗಳೂ ಜಾಹೀರಾತಿನ ಜಾಗಗಳೂ ಮುಂದೆ ಬರುತ್ತವೆ. ನಡೆಯುವವರಿಗೆ ಬೇಕಾದ ಅರಳಿಕಟ್ಟೆ, ನೀರಿನ ಟ್ಯಾಂಕು, ಹಳೆಯ ಕಮಾನು ಹಿಂದೆ ಬೀಳುತ್ತವೆ.

ಸರಿಸಮ ಹೋಲಿಕೆಗೆ ಬೇಕಾದ ಸಿದ್ಧತೆ

ಒಂದು ಆ್ಯಪ್‌ನಲ್ಲಿ ಇಡೀ ದಾರಿಯ ಚಿತ್ರ, ಇನ್ನೊಂದರಲ್ಲಿ ಒಂದೇ ತಿರುವಿನ ಚಿತ್ರ ತೆಗೆದು ಹೋಲಿಸಿದರೆ ಫಲವಿಲ್ಲ. ಹೊರಡುವ ಜಾಗ, ಸೇರುವ ಜಾಗ, ಹಿಗ್ಗಿಸಿದ ಪ್ರಮಾಣ, ಭಾಷೆ ಎಲ್ಲದರಲ್ಲೂ ಒಂದೇ ಇರಬೇಕು. ನಡಿಗೆಯ ಆಯ್ಕೆ ಒತ್ತಿದೆಯೇ ಎಂಬುದನ್ನು ಮೊದಲು ನೋಡಬೇಕು. ಅನೇಕರು ಕಳಿಸುವ ಚಿತ್ರದಲ್ಲಿ ಕಾರಿನ ಗುರುತೇ ಇರುತ್ತದೆ. ಕಾರಿನ ದಾರಿ ಏಕಮುಖ ರಸ್ತೆಗಳನ್ನು ಪಾಲಿಸಿ ಸುತ್ತಿ ಬರುತ್ತದೆ, ನಡೆಯುವವರಿಗೆ ಆ ಸುತ್ತಿನ ಅಗತ್ಯವಿಲ್ಲ.

ಪ್ರಮಾಣದ ವಿಷಯವನ್ನು ಲೆಕ್ಕ ಹಾಕಿ ನೋಡಬಹುದು. ಪರದೆಯ ಅಗಲ 7 ಸೆಂಟಿಮೀಟರ್ ಎಂದುಕೊಳ್ಳೋಣ. ಇಡೀ ದಾರಿ ಕಾಣಲಿ ಎಂದು ಅದರಲ್ಲಿ ಒಂದೂವರೆ ಕಿಲೋಮೀಟರ್ ಹಿಡಿಸಿದರೆ 20 ಮೀಟರ್ ಅಗಲದ ರಸ್ತೆ ಸುಮಾರು 1 ಮಿಲಿಮೀಟರಿಗೆ ಇಳಿಯುತ್ತದೆ. ನಾಲ್ಕು ರಸ್ತೆ ಕೂಡುವ ವೃತ್ತ ಒಂದು ಚುಕ್ಕಿಯಂತಾಗುತ್ತದೆ. ದಾರಿ ಒಟ್ಟಾರೆ ಎತ್ತ ಹೋಗುತ್ತದೆ ಎಂಬುದನ್ನು ಈ ಚಿತ್ರ ಹೇಳೀತು, ಎಲ್ಲಿ ತಿರುಗಬೇಕು ಎಂಬುದನ್ನು ಹೇಳದು. ಅದೇ ಅಗಲದಲ್ಲಿ 250 ಮೀಟರ್ ಮಾತ್ರ ಹಿಡಿಸಿದರೆ ಅದೇ ರಸ್ತೆ 5 ಮಿಲಿಮೀಟರಿಗೂ ಹೆಚ್ಚು ಅಗಲವಾಗಿ, ಮೂಲೆಯ ಕಟ್ಟಡಗಳೂ ಹೆಸರುಗಳೂ ಕಾಣಿಸುತ್ತವೆ. ಆದ್ದರಿಂದ ಪ್ರತಿ ಆ್ಯಪ್‌ನಿಂದ ಒಟ್ಟು ದಾರಿಯ ಒಂದು ಚಿತ್ರ, ಪ್ರತಿ ತಿರುವಿಗೆ ಒಂದೊಂದು ಹಿಗ್ಗಿಸಿದ ಚಿತ್ರ, ಹಂತಹಂತದ ಸೂಚನೆಗಳ ಪಟ್ಟಿ ಇದ್ದರೆ ಅದರದೊಂದು ಚಿತ್ರ ತೆಗೆದುಕೊಂಡು ಹೋಲಿಸಬೇಕು.

ಗೂಗಲ್ ಮ್ಯಾಪ್ಸ್‌ನಲ್ಲಿ ಅಳತೆಯ ಗೆರೆ ಸಾಮಾನ್ಯವಾಗಿ ನಕ್ಷೆಯನ್ನು ಹಿಗ್ಗಿಸುವಾಗ, ಕುಗ್ಗಿಸುವಾಗ ಮಾತ್ರ ಕಾಣಿಸಿ ಮಾಯವಾಗುತ್ತದೆ. ಅದು ಸದಾ ಕಾಣುವಂತೆ ಸೆಟ್ಟಿಂಗ್ಸ್‌ನಲ್ಲಿ ಬದಲಿಸಿಕೊಂಡರೆ ಚಿತ್ರದಲ್ಲಿಯೂ ಉಳಿಯುತ್ತದೆ. ನಕ್ಷೆಯನ್ನು ತಿರುಗಿಸಿದಾಗ ದಿಕ್ಸೂಚಿಯ ಗುರುತು ಮೂಡುತ್ತದೆ. ತಿರುಗಿಸದ ನಕ್ಷೆಯಲ್ಲಿ ಮೇಲ್ಭಾಗವೇ ಉತ್ತರ.

ಒಂದು ದಾರಿಯ ಪರೀಕ್ಷೆ: ಮೈಸೂರು ರೈಲು ನಿಲ್ದಾಣದಿಂದ ಚಿಕ್ಕ ಗಡಿಯಾರಕ್ಕೆ

ಮೈಸೂರಿನ ರೈಲು ನಿಲ್ದಾಣದಿಂದ ದೇವರಾಜ ಮಾರುಕಟ್ಟೆಯ ದಕ್ಷಿಣಕ್ಕಿರುವ ಚಿಕ್ಕ ಗಡಿಯಾರದವರೆಗೆ ನಡೆದರೆ ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ, ಅಂದರೆ ನಿಮಿಷಕ್ಕೆ ಸುಮಾರು 80 ಮೀಟರಿನಂತೆ ನಡೆಯುವವರಿಗೆ ಇದು ಹದಿನೈದು ಇಪ್ಪತ್ತು ನಿಮಿಷದ ದಾರಿ. ಹಳೆಯ ಮೈಸೂರಿನ ಈ ಭಾಗದಲ್ಲಿ ರಸ್ತೆಗಳು ಹೆಚ್ಚುಕಡಿಮೆ ಚೌಕಟ್ಟಿನಂತೆ ಹಾದುಹೋಗಿರುವುದರಿಂದ ಒಂದಕ್ಕಿಂತ ಹೆಚ್ಚು ದಾರಿಗಳಿವೆ, ಅವುಗಳ ಉದ್ದದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಮೊದಲನೆಯದು ನಿಲ್ದಾಣದ ಮುಂದಿನಿಂದ ಪೂರ್ವಕ್ಕೆ ಇರ್ವಿನ್ ರಸ್ತೆ ಹಿಡಿದು, ಆಯುರ್ವೇದ ಕಾಲೇಜಿನ ವೃತ್ತದಲ್ಲಿ ಬಲಕ್ಕೆ ಸಯ್ಯಾಜಿರಾವ್ ರಸ್ತೆಗೆ ತಿರುಗುವ ದಾರಿ. ಎರಡನೆಯದು ಜೆ.ಎಲ್.ಬಿ. ರಸ್ತೆಯಲ್ಲಿ ದಕ್ಷಿಣಕ್ಕೆ ಸ್ವಲ್ಪ ನಡೆದು, ಎಡಕ್ಕೆ ಧನ್ವಂತರಿ ರಸ್ತೆ, ಅದರ ಕೊನೆಯಲ್ಲಿ ಬಲಕ್ಕೆ ಸಯ್ಯಾಜಿರಾವ್ ರಸ್ತೆ. ಮೂರನೆಯದು ಧನ್ವಂತರಿ ರಸ್ತೆಯಿಂದ ಮಾರುಕಟ್ಟೆಯ ಒಳಹೊಕ್ಕು, ಹೂವು ಹಣ್ಣಿನ ಸಾಲುಗಳ ನಡುವೆ ಸಾಗಿ, ದಕ್ಷಿಣದ ಬಾಗಿಲಿನಿಂದ ಹೊರಬೀಳುವುದು. ಮಾರುಕಟ್ಟೆಯ ಒಳಹಾದಿಗಳನ್ನು ಗುರುತಿಸಿರುವ ನಕ್ಷೆ ಮಾತ್ರ ಮೂರನೆಯ ದಾರಿಯನ್ನು ತೋರಿಸಬಲ್ಲದು. ಒಳಹಾದಿ ಗೊತ್ತಿಲ್ಲದ ನಕ್ಷೆಗೆ ಮಾರುಕಟ್ಟೆಯೆಂದರೆ ಒಂದು ದೊಡ್ಡ ಕಟ್ಟಡ ಅಷ್ಟೆ.

ಇಲ್ಲಿ ಹೋಲಿಕೆ ಹೊರಡುವ ಜಾಗದಿಂದಲೇ ಆರಂಭವಾಗಬೇಕು. ನಿಲ್ದಾಣಕ್ಕೆ ಸಿ.ಎಫ್‌.ಟಿ.ಆರ್‌.ಐ. ಕಡೆಯಿಂದಲೂ ಒಂದು ಪ್ರವೇಶವಿದೆ. ಹುಡುಕಾಟದಲ್ಲಿ ಬರೀ ‘ಮೈಸೂರು ಜಂಕ್ಷನ್’ ಎಂದು ಕೊಟ್ಟರೆ ಆ್ಯಪ್ ಗುರುತು ಇಡುವುದು ಹಳಿಗಳ ನಡುವೆಯೂ ಆಗಬಹುದು, ಯಾವುದೋ ಒಂದು ಬಾಗಿಲಿನ ಬಳಿಯೂ ಆಗಬಹುದು. ದಾರಿ ಯಾವ ಬಾಗಿಲಿನಿಂದ ಹೊರಡುತ್ತದೆ ಎಂಬುದು ಚಿತ್ರದಲ್ಲಿ ಸ್ಪಷ್ಟವಿಲ್ಲದಿದ್ದರೆ ಉಳಿದದ್ದೆಲ್ಲ ಸರಿಯಿದ್ದೂ ಉಪಯೋಗವಿಲ್ಲ. ಮುಖ್ಯದ್ವಾರದ ಹೊರಗಿನ ರಸ್ತೆಯ ಮೇಲೆ ಬೆರಳೊತ್ತಿ ಹಿಡಿದು ಗುರುತು ಇಟ್ಟು, ಅಲ್ಲಿಂದ ದಾರಿ ಕೇಳುವುದು ಇದಕ್ಕೆ ಪರಿಹಾರ.

ತಿರುವು ಸ್ಪಷ್ಟವೇ

ಎರಡನೆಯ ದಾರಿಯನ್ನು ತೆಗೆದುಕೊಂಡರೆ ನಡೆಯುವವರು ನಿಂತು ಯೋಚಿಸಬೇಕಾದ ಜಾಗಗಳು ನಾಲ್ಕು: ನಿಲ್ದಾಣದ ಬಾಗಿಲು, ಧನ್ವಂತರಿ ರಸ್ತೆಯ ಆರಂಭ, ಸಯ್ಯಾಜಿರಾವ್ ರಸ್ತೆ ಸಿಗುವ ಮೂಲೆ, ಮಾರುಕಟ್ಟೆ ಮುಗಿಯುವ ಕಡೆ ಬಲಕ್ಕೆ ತಿರುಗುವ ಜಾಗ. ಇರ್ವಿನ್ ರಸ್ತೆಯ ದಾರಿಯಲ್ಲಿ ಇವು ಮೂರೇ. ಉದ್ದ ಹೆಚ್ಚುಕಡಿಮೆ ಒಂದೇ ಆಗಿರುವಾಗ ಯೋಚಿಸಬೇಕಾದ ಜಾಗ ಕಡಿಮೆಯಿರುವ ದಾರಿಯೇ ಹೊಸಬರಿಗೆ ಹಗುರ. ಆ್ಯಪ್‌ಗಳು ಮೊದಲು ಮುಂದಿಡುವುದು ಸಾಮಾನ್ಯವಾಗಿ ಸಮಯ ಕಡಿಮೆಯಿರುವ ದಾರಿಯನ್ನು. ಒಂದು ನಿಮಿಷ ಉಳಿಸಲು ಎರಡು ತಿರುವು ಹೆಚ್ಚಿಸುವುದಕ್ಕೂ ಅವು ಹಿಂಜರಿಯುವುದಿಲ್ಲ. ನಕ್ಷೆಯಲ್ಲಿ ಮಸುಕಾಗಿ ಕಾಣುವ ಬದಲಿ ದಾರಿಯನ್ನು ಮುಟ್ಟಿ ಅದರ ಚಿತ್ರವನ್ನೂ ತೆಗೆದು ನೋಡಬೇಕು.

ಪ್ರತಿ ತಿರುವಿನ ಚಿತ್ರದಲ್ಲಿ ಗೆರೆ ಯಾವ ರಸ್ತೆಯೊಳಗೆ ಹೊರಳಿತು ಎಂಬುದು ಅನುಮಾನವಿಲ್ಲದೆ ತಿಳಿಯಬೇಕು. ಅಕ್ಕಪಕ್ಕದಲ್ಲಿ ಎರಡು ಓಣಿಗಳಿದ್ದರೆ ಕುಗ್ಗಿದ ಚಿತ್ರದಲ್ಲಿ ಅವು ಅಂಟಿಕೊಂಡು ಒಂದೇ ಆಗಿ ಕಾಣುತ್ತವೆ. ತಿರುಗುವ ರಸ್ತೆಯ ಹೆಸರು ಗೆರೆಯ ಅಡಿಯಲ್ಲಿ ಮುಚ್ಚಿಹೋಗಿದೆಯೇ ಎಂಬುದನ್ನೂ ಗಮನಿಸಬೇಕು. ದಪ್ಪ ಗೆರೆ ಎಳೆಯುವ ಆ್ಯಪ್‌ಗಳಲ್ಲಿ ಇದು ಪದೇಪದೇ ಆಗುತ್ತದೆ. ನಕ್ಷೆಯನ್ನು ಸ್ವಲ್ಪ ಸರಿಸಿದರೆ ಕೆಲವೊಮ್ಮೆ ಹೆಸರು ಬೇರೆ ಕಡೆ ಮೂಡುತ್ತದೆ, ಆಗ ಚಿತ್ರ ತೆಗೆಯಬೇಕು.

ಸೂಚನೆಗಳ ಪಟ್ಟಿಯಲ್ಲಿ ಮೊದಲ ಸಾಲೇ ಎಡವಟ್ಟಿನದು. ‘ಆಗ್ನೇಯ ದಿಕ್ಕಿನತ್ತ ಸಾಗಿ’ ಎಂಬಂಥ ಸೂಚನೆ ರೈಲಿನಿಂದ ಇಳಿದು ಬ್ಯಾಗು ಹೊತ್ತು ನಿಂತವರಿಗೆ ಏನೂ ಹೇಳುವುದಿಲ್ಲ. ‘ನಿಲ್ದಾಣಕ್ಕೆ ಬೆನ್ನು ಹಾಕಿ ನಿಂತು ಬಲಕ್ಕೆ’ ಎಂದರೆ ತಕ್ಷಣ ತಿಳಿಯುತ್ತದೆ. ಯಾವ ಆ್ಯಪ್‌ನ ಚಿತ್ರವನ್ನು ಕಳಿಸಿದರೂ ಈ ಒಂದು ಸಾಲನ್ನು ಕಳಿಸುವವರೇ ಬರೆಯುವುದು ಒಳ್ಳೆಯದು.

ಗುರುತು ನಂಬಲು ಯೋಗ್ಯವೇ

ನಮ್ಮ ದೇಶದಲ್ಲಿ ದಾರಿ ಹೇಳುವುದು ರಸ್ತೆಯ ಹೆಸರಿಗಿಂತ ಗುರುತುಗಳ ಮೇಲೆಯೇ ಹೆಚ್ಚು. ಗೂಗಲ್ ಇದನ್ನು ಮನಗಂಡು 2009ರಲ್ಲಿಯೇ ಭಾರತದ ನಕ್ಷೆಯ ಸೂಚನೆಗಳಲ್ಲಿ ಹೆಗ್ಗುರುತುಗಳನ್ನು ಸೇರಿಸಿತು. ಆದರೆ ನಕ್ಷೆಯಲ್ಲಿ ಹೆಸರು ಇದ್ದ ಮಾತ್ರಕ್ಕೆ ಅದು ಗುರುತಾಗುವುದಿಲ್ಲ. ಹೆಗ್ಗುರುತಿನ ಗುಣವನ್ನು ಅಳೆಯುವ ಬಗೆಯನ್ನು ಮಾರ್ಟಿನ್ ರೌಬಲ್ ಮತ್ತು ಸ್ಟೀಫನ್ ವಿಂಟರ್ ಎಂಬ ಸಂಶೋಧಕರು 2002ರಲ್ಲಿ ವಿವರಿಸಿದರು. ಅವರ ಪ್ರಕಾರ ನೋಡಬೇಕಾದ ಅಂಶಗಳು ಮೂರು: ಅದು ಸುತ್ತಲಿನವುಗಳಿಗಿಂತ ಭಿನ್ನವಾಗಿ ಕಣ್ಣಿಗೆ ಬೀಳುತ್ತದೆಯೇ, ಅದಕ್ಕೆ ಜನರ ಮನಸ್ಸಿನಲ್ಲಿ ಅರ್ಥವಿದೆಯೇ, ದಾರಿಯ ವಿನ್ಯಾಸದಲ್ಲಿ ಅದು ಮುಖ್ಯ ಜಾಗದಲ್ಲಿದೆಯೇ.

ಸ್ಕ್ರೀನ್‌ಶಾಟಿನಲ್ಲಿ ಕಾಣುವ ಹೆಸರುಗಳನ್ನು ಈ ಅಳತೆಗೆ ಹಚ್ಚಿದರೆ ಬಹಳಷ್ಟು ಉದುರಿಹೋಗುತ್ತವೆ. ಮೊದಲ ಮಹಡಿಯ ಟ್ಯೂಷನ್ ಕೇಂದ್ರ, ಕಾಂಪ್ಲೆಕ್ಸಿನ ಒಳಗಿನ ದಂತವೈದ್ಯರು, ಬೋರ್ಡೇ ಇಲ್ಲದ ಕಚೇರಿ ನಕ್ಷೆಯಲ್ಲಿ ದಪ್ಪ ಅಕ್ಷರದಲ್ಲಿದ್ದರೂ ಬೀದಿಯಲ್ಲಿ ನಿಂತವರಿಗೆ ಕಾಣುವುದಿಲ್ಲ. ದೇವರಾಜ ಮಾರುಕಟ್ಟೆಯಾದರೋ ಸಯ್ಯಾಜಿರಾವ್ ರಸ್ತೆಯಲ್ಲಿ ದಕ್ಷಿಣಕ್ಕೆ ನಡೆಯುವವರ ಬಲಗಡೆ ಉದ್ದಕ್ಕೂ ಜೊತೆಗಿರುತ್ತದೆ. ಅದು ಎಡಗಡೆ ಕಂಡರೆ ಎದುರು ದಿಕ್ಕಿಗೆ ಹೊರಟಿದ್ದೇವೆ ಎಂದು ಅಲ್ಲೇ ಗೊತ್ತಾಗುತ್ತದೆ. ಈ ಹೆಸರನ್ನು ಸ್ಪಷ್ಟವಾಗಿ ತೋರಿಸುವ ಚಿತ್ರಕ್ಕೆ ಹೆಚ್ಚು ಅಂಕ ಸಲ್ಲಬೇಕು.

ಗುರುತು ಒಂದೇ ಆಗಿರಬೇಕು ಎಂಬುದಕ್ಕೆ ಮೈಸೂರಿನ ಈ ಭಾಗ ಒಳ್ಳೆಯ ಉದಾಹರಣೆ. ಇಲ್ಲಿ ಗಡಿಯಾರ ಗೋಪುರಗಳು ಎರಡು. ಮಾರುಕಟ್ಟೆಯ ಪಕ್ಕದ ಚಿಕ್ಕ ಗಡಿಯಾರ 1886ರದು, ವೈಸರಾಯ್ ಲಾರ್ಡ್ ಡಫರಿನ್ ಭೇಟಿಯ ನೆನಪಿಗೆ ಕಟ್ಟಿದ್ದು. ಪುರಭವನದ ಹತ್ತಿರದ ದೊಡ್ಡ ಗಡಿಯಾರ 1927ರದು, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ್ದು. ಚಿತ್ರದಲ್ಲಿ ಬರೀ ‘ಕ್ಲಾಕ್ ಟವರ್’ ಎಂದಿದ್ದರೆ ಯಾವುದೆಂದು ತಿಳಿಯದು. ‘ಡಫರಿನ್ ಕ್ಲಾಕ್ ಟವರ್’ ಎಂದಿದ್ದರೆ ನಕ್ಷೆಯ ಮಟ್ಟಿಗೆ ಸರಿ, ಆದರೆ ದಾರಿಯಲ್ಲಿ ಹೂ ಮಾರುವವರನ್ನು ಕೇಳುವಾಗ ಚಿಕ್ಕ ಗಡಿಯಾರ ಎಂದೇ ಕೇಳಬೇಕು. ಪ್ರತಿಮೆಗಳ ಕಥೆಯೂ ಹಾಗೆಯೇ. ಕೆ.ಆರ್. ವೃತ್ತದಲ್ಲಿ ಮಂಟಪದೊಳಗೆ ಮಹಾರಾಜರ ಪ್ರತಿಮೆಯಿದೆ. ಅರಮನೆಯ ಸುತ್ತಮುತ್ತ ಚಾಮರಾಜ ವೃತ್ತದಲ್ಲೂ ಹಾರ್ಡಿಂಜ್ ವೃತ್ತದಲ್ಲೂ ಮಂಟಪ, ಮಹಾರಾಜರ ಪ್ರತಿಮೆ ಇವೆ. ಮಂಟಪದ ಪ್ರತಿಮೆ ಎಂಬುದಷ್ಟೇ ಇಲ್ಲಿ ಗುರುತಾಗದು, ವೃತ್ತದ ಹೆಸರೂ ಚಿತ್ರದಲ್ಲಿರಬೇಕು.

ಗುರುತು ಎಷ್ಟು ಕಾಲ ನಿಲ್ಲುತ್ತದೆ ಎಂಬುದೂ ಮುಖ್ಯ. ಅಂಗಡಿ ಬೇರೆಡೆಗೆ ಹೋದರೂ ನಕ್ಷೆಯಲ್ಲಿ ಅದರ ಹೆಸರು ತಿಂಗಳುಗಟ್ಟಲೆ ಉಳಿಯಬಹುದು. ಕಟ್ಟಡಗಳೂ ಬದಲಾಗುತ್ತವೆ: ಇದೇ ಮಾರುಕಟ್ಟೆಯ ಉತ್ತರ ಬಾಗಿಲಿನ ಭಾಗ 2016ರ ಆಗಸ್ಟ್‌ನಲ್ಲಿ ಕುಸಿದುಬಿದ್ದಿತ್ತು. ಅದಕ್ಕೆ ಮೊದಲು ತೆಗೆದ ಚಿತ್ರವನ್ನು ಹಿಡಿದು ಆ ಬಾಗಿಲನ್ನು ಹುಡುಕಿದವರಿಗೆ ಚಿತ್ರ ಸುಳ್ಳು ಹೇಳಿದಂತಾಗುತ್ತಿತ್ತು. ವರ್ಷ ಹಳೆಯದಾದ ಸ್ಕ್ರೀನ್‌ಶಾಟನ್ನು ಮತ್ತೆ ಕಳಿಸುವ ಬದಲು ಹೊಸದಾಗಿ ತೆಗೆಯುವುದೇ ಲೇಸು.

ನಡೆಯುತ್ತಾ ಅನುಸರಿಸಲು ಸುಲಭವೇ

ಮೇಜಿನ ಮುಂದೆ ಕುಳಿತು ನೋಡುವಾಗ ಚೆನ್ನಾಗಿ ಕಾಣುವ ಚಿತ್ರ ಬೀದಿಯಲ್ಲಿ ಕೈಕೊಡಬಹುದು. ಬಿಸಿಲಿನಲ್ಲಿ ಕಪ್ಪು ಹಿನ್ನೆಲೆಯ ನಕ್ಷೆ ಸರಿಯಾಗಿ ಕಾಣುವುದಿಲ್ಲ, ಬಿಳಿ ಹಿನ್ನೆಲೆಯದೇ ವಾಸಿ. ವಾಟ್ಸ್ಆ್ಯಪ್ ಚಿತ್ರವನ್ನು ಕುಗ್ಗಿಸಿ ಕಳಿಸುವುದರಿಂದ ಸಣ್ಣ ಅಕ್ಷರಗಳು ಮಸುಕಾಗುತ್ತವೆ. ಎಚ್‌ಡಿ ಆಯ್ಕೆ ಒತ್ತಿ ಅಥವಾ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿದರೆ ಅಕ್ಷರ ಉಳಿಯುತ್ತದೆ. ಹೋಲಿಸುವವರು ತಮ್ಮ ಫೋನಿನಲ್ಲಿರುವ ಮೂಲಚಿತ್ರವನ್ನು ನೋಡದೆ, ಇನ್ನೊಂದು ಫೋನಿಗೆ ಕಳಿಸಿದ ಮೇಲೆ ಅಲ್ಲಿ ತೆರೆದು ನೋಡಬೇಕು.

ನಕ್ಷೆಯ ದಿಕ್ಕು ಇನ್ನೊಂದು ತೊಡಕು. ಮೇಲ್ಭಾಗ ಉತ್ತರವಾಗಿರುವ ನಕ್ಷೆಯಲ್ಲಿ ಸಯ್ಯಾಜಿರಾವ್ ರಸ್ತೆಯ ನಡಿಗೆ ಮೇಲಿನಿಂದ ಕೆಳಕ್ಕೆ ಬರುತ್ತದೆ. ಹಾಗೆ ದಕ್ಷಿಣಕ್ಕೆ ನಡೆಯುವವರಿಗೆ ಬಲಗಡೆ ಎಂದರೆ ಚಿತ್ರದಲ್ಲಿ ಎಡಗಡೆ. ಮಾರುಕಟ್ಟೆ ಮುಗಿದ ಮೇಲೆ ಬಲಕ್ಕೆ ತಿರುಗಬೇಕಾದ ಜಾಗ ಚಿತ್ರದಲ್ಲಿ ಎಡಕ್ಕೆ ಹೊರಳಿದಂತೆ ಕಾಣುತ್ತದೆ. ಎದುರಿನ ದಿಕ್ಕು ಮೇಲ್ಭಾಗಕ್ಕೆ ಬರುವಂತೆ ನಿಲ್ಲಿಸಿದ ನಕ್ಷೆಯನ್ನು ಓದುವುದು ಸುಲಭ ಎಂಬುದನ್ನು ಮನಶ್ಶಾಸ್ತ್ರಜ್ಞ ಮಾರ್ವಿನ್ ಲೆವೀನ್ 1980ರ ದಶಕದಲ್ಲಿ ‘ನೀವು ಇಲ್ಲಿದ್ದೀರಿ’ ಎಂಬ ಫಲಕಗಳನ್ನು ಅಧ್ಯಯನ ಮಾಡಿ ತೋರಿಸಿದ್ದರು. ತಿರುವಿನ ಚಿತ್ರ ತೆಗೆಯುವ ಮುನ್ನ ಎರಡು ಬೆರಳಿನಿಂದ ನಕ್ಷೆಯನ್ನು ತಿರುಗಿಸಿ, ನಡೆಯುವ ದಿಕ್ಕು ಮೇಲಕ್ಕೆ ಬರುವಂತೆ ಮಾಡಿದರೆ ಈ ಗೊಂದಲ ತಪ್ಪುತ್ತದೆ. ಒಟ್ಟು ದಾರಿಯ ಚಿತ್ರವನ್ನು ಮಾತ್ರ ಉತ್ತರ ಮೇಲಿರುವಂತೆಯೇ ಬಿಡಬಹುದು.

ಎಲ್ಲಕ್ಕಿಂತ ಹೆಚ್ಚಾಗಿ, ತಿರುವು ದಾಟಿ ಮುಂದೆ ಹೋದರೆ ಅದು ಚಿತ್ರದಿಂದ ತಿಳಿಯುತ್ತದೆಯೇ ಎಂದು ನೋಡಬೇಕು. ಚಿಕ್ಕ ಗಡಿಯಾರಕ್ಕೆ ತಿರುಗುವುದನ್ನು ಮರೆತು ಸಯ್ಯಾಜಿರಾವ್ ರಸ್ತೆಯಲ್ಲೇ ಮುಂದುವರಿದರೆ ಕೆ.ಆರ್. ವೃತ್ತ ಸಿಗುತ್ತದೆ. ಕೊನೆಯ ತಿರುವಿನ ಚಿತ್ರದಲ್ಲಿ ವೃತ್ತವೂ ಕಾಣುವಂತಿದ್ದರೆ, ಅದು ಎದುರಾದ ಕೂಡಲೇ ನಡೆಯುವವರು ಹಿಂದಿರುಗುತ್ತಾರೆ. ಗಡಿಯಾರವನ್ನಷ್ಟೇ ಹಿಗ್ಗಿಸಿ ತೋರಿಸಿ ವೃತ್ತವನ್ನು ಕತ್ತರಿಸಿದ ಚಿತ್ರಕ್ಕೆ ಈ ಗುಣವಿಲ್ಲ. ಗುರಿಯ ಆಚೆಗೆ ನೂರಿನ್ನೂರು ಮೀಟರ್ ಹೆಚ್ಚಾಗಿ ಸೇರಿಸಿಕೊಂಡು ಚಿತ್ರ ತೆಗೆಯುವುದು ಇದಕ್ಕೆ ಸಾಕು.

ತೀರ್ಮಾನ ಹೇಗೆ

ಅಂಕ ಕೊಡುವ ಕ್ರಮ ಸರಳವಾಗಿರಲಿ. ದಾರಿಯಲ್ಲಿ ಯೋಚಿಸಬೇಕಾದ ಜಾಗಗಳನ್ನು ಎಣಿಸಿ, ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಕೇಳಬೇಕು: ಯಾವ ಕಡೆ ತಿರುಗಬೇಕೆಂದು ಚಿತ್ರ ಹೇಳುತ್ತದೆಯೇ, ಅಲ್ಲಿ ಕಣ್ಣಿಗೆ ಬೀಳುವ ಒಂದು ಗುರುತು ಇದೆಯೇ, ದಾಟಿ ಹೋದರೆ ಗೊತ್ತಾಗುತ್ತದೆಯೇ. ಹೌದು ಎಂದಾದರೆ ಒಂದೊಂದು ಅಂಕ. ಧನ್ವಂತರಿ ರಸ್ತೆಯ ದಾರಿಗೆ ನಾಲ್ಕು ಜಾಗಗಳಿಂದ ಪೂರ್ಣಾಂಕ 12, ಇರ್ವಿನ್ ರಸ್ತೆಯ ದಾರಿಗೆ 9. ಇಲ್ಲಿ ಒಟ್ಟು ಅಂಕಕ್ಕಿಂತ ಸೊನ್ನೆ ಬಿದ್ದ ಜಾಗವೇ ಹೆಚ್ಚು ಹೇಳುತ್ತದೆ. ಮೂರು ತಿರುವು ಸ್ಪಷ್ಟವಾಗಿದ್ದು ಒಂದು ತಿರುವಿನಲ್ಲಿ ಏನೂ ತಿಳಿಯದ ಚಿತ್ರ ಆ ಒಂದು ತಿರುವಿನಲ್ಲೇ ದಾರಿ ತಪ್ಪಿಸುತ್ತದೆ. ಅಂಕ ಹಾಕುವ ಕೆಲಸವನ್ನು ಊರು ಗೊತ್ತಿಲ್ಲದವರಿಗೆ ಕೊಟ್ಟರೆ ಇನ್ನೂ ಒಳ್ಳೆಯದು. ಊರು ಬಲ್ಲವರು ಚಿತ್ರದಲ್ಲಿ ಇಲ್ಲದ್ದನ್ನೂ ತಮ್ಮ ನೆನಪಿನಿಂದ ತುಂಬಿಕೊಂಡು ಓದುತ್ತಾರೆ.

ಹೀಗೆ ನೋಡಿದಾಗ ಒಂದೇ ಆ್ಯಪ್ ಎಲ್ಲದರಲ್ಲೂ ಗೆಲ್ಲುವುದು ಅಪರೂಪ. ಅಂಗಡಿ ಬೀದಿಯಲ್ಲಿ ಹೆಸರುಗಳು ತುಂಬಿರುವ ನಕ್ಷೆ ಮೇಲು, ಓಣಿ ಮೆಟ್ಟಿಲುಗಳ ಕಡೆ ಕಾಲುದಾರಿಗಳನ್ನು ಗುರುತಿಸಿರುವ ನಕ್ಷೆ ಮೇಲು. ಎರಡು ಆ್ಯಪ್‌ಗಳಿಂದ ಬೇಕಾದ ಚಿತ್ರಗಳನ್ನು ಆಯ್ದು ಕಳಿಸುವುದಕ್ಕೆ ಅಡ್ಡಿಯೇನಿಲ್ಲ, ಎರಡರಲ್ಲೂ ದಾರಿ ಒಂದೇ ಆಗಿದ್ದರೆ ಸಾಕು. ಆದರೆ ಯಾವ ಸ್ಕ್ರೀನ್‌ಶಾಟಿಗೂ ಆ ದಿನದ ಸಂಗತಿ ತಿಳಿದಿರುವುದಿಲ್ಲ. ರಾತ್ರಿ ಮಾರುಕಟ್ಟೆಯ ಬಾಗಿಲು ಹಾಕಿರುತ್ತದೆ, ಆಗ ಒಳಹಾದಿಯ ದಾರಿ ನಡೆಯದು. ವಿಜಯದಶಮಿಯಂದು ಜಂಬೂ ಸವಾರಿ ಕೆ.ಆರ್. ವೃತ್ತ ಹಾದು ಸಯ್ಯಾಜಿರಾವ್ ರಸ್ತೆಯಲ್ಲೇ ಬನ್ನಿಮಂಟಪದತ್ತ ಸಾಗುತ್ತದೆ, ಆ ಹೊತ್ತು ಇಲ್ಲಿ ಹೇಳಿದ ಮೊದಲ ಎರಡು ದಾರಿಗಳೂ ಮುಚ್ಚಿರುತ್ತವೆ. ಚಿತ್ರ ಕಳಿಸುವವರು ಅದರ ಜೊತೆಗೆ ಹೊರಡುವ ಬಾಗಿಲು ಯಾವುದು, ದಾಟಿ ಹೋದರೆ ಸಿಗುವ ಗುರುತು ಯಾವುದು, ಆ ದಿನ ದಾರಿ ತೆರೆದಿದೆಯೇ ಎಂಬ ಮೂರು ಸಾಲು ಬರೆದು ಕಳಿಸಬೇಕು.